ರಜೆ ಅರ್ಜಿ ಇಂಗ್ಲಿಷಿಗೆ ಹೋಗುವಾಗ ಮರ್ಯಾದೆ ಎಲ್ಲಿ ಕೂರುತ್ತದೆ?

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ತುಂಬಿಸುವುದು, ಇಷ್ಟೇ ಕೆಲಸ. ಫೆಬ್ರವರಿ ಮೊದಲ ವಾರದಲ್ಲಿ ಕಾರ್ಕಳ ಕಡೆಯ ಹುಡುಗನೊಬ್ಬ ಬಂದ. ಮಂಗಳೂರಿನ ಒಂದು ಕಂಪನಿಯಲ್ಲಿ ಅವನಿಗೆ ಲೆಕ್ಕಪತ್ರದ ಕೆಲಸ. ಮೇಲಧಿಕಾರಿ ಇರುವುದು ಬೆಂಗಳೂರಿನಲ್ಲಿ. ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡಿದ್ದ. "ಅಕ್ಕ, ಇದನ್ನು ಇಂಗ್ಲಿಷಲ್ಲಿ ಮಾಡಿ ಕೊಡ್ಲಿಕ್ಕೆ ಆಗ್ತದಾ? ಅಪ್ಪ ಬರೆದು ಕೊಟ್ಟದ್ದು. ಮರ್ಯಾದೆ ಮಾತ್ರ ಹೋಗಬಾರದು" ಅಂದ.

ಅಪ್ಪ ನಿವೃತ್ತ ಕನ್ನಡ ಮಾಸ್ತರು. ಅಕ್ಷರ ನೋಡಿದರೇ ಗೊತ್ತಾಗುತ್ತಿತ್ತು. ಪತ್ರ ಹೀಗಿತ್ತು:

> ಮಾನ್ಯರೇ,
>
> ವಿಷಯ: ಮೂರು ದಿನಗಳ ರಜೆ ಕೋರಿ.
>
> ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಕುಟುಂಬದ ಮೂಲಮನೆಯಲ್ಲಿ ದೈವದ ನೇಮ ನಡೆಯಲಿದ್ದು, ಈ ವರ್ಷದ ವ್ಯವಸ್ಥೆಯ ಹೊಣೆ ನಮ್ಮ ಮನೆಯವರ ಮೇಲೆ ಇರುವುದರಿಂದ, ತಾವು ದಯಮಾಡಿ ದಿನಾಂಕ 11-02 ರಿಂದ 13-02 ರವರೆಗೆ ಮೂರು ದಿನಗಳ ರಜೆಯನ್ನು ದಯಪಾಲಿಸಬೇಕಾಗಿ ತಮ್ಮಲ್ಲಿ ಪ್ರಾರ್ಥಿಸುತ್ತೇನೆ.
>
> ವಂದನೆಗಳೊಂದಿಗೆ,
> ತಮ್ಮ ವಿಧೇಯ

ಕನ್ನಡದಲ್ಲಿ ಇದು ಒಳ್ಳೆಯ ಪತ್ರ. ಒಂದು ಕಡೆಯೂ ತಪ್ಪಿಲ್ಲ. ಹುಡುಗ ಮೊದಲು ತಾನೇ ಇಂಗ್ಲಿಷ್ ಮಾಡಲು ನೋಡಿದ್ದ. ಅದನ್ನು ಫೋನಿನಲ್ಲಿ ತೋರಿಸಿದ. ಮುಖ್ಯ ವಾಕ್ಯ ಹೀಗಿತ್ತು:

```
You should kindly grant me leave
for three days and oblige.
```

ಅಪ್ಪನ ಪ್ರತಿ ಪದಕ್ಕೂ ಇಲ್ಲಿ ಒಂದು ಪದ ಇದೆ. ಆದರೆ ಅಪ್ಪ ಕೈಮುಗಿದು ಕೇಳಿದ್ದು ಇಲ್ಲಿ ಬೆರಳು ತೋರಿಸಿ ಹೇಳಿದ ಹಾಗೆ ಆಗಿದೆ. ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನನ್ನ ಅಂಗಡಿಗೆ ಬರುವ ರಜೆ ಅರ್ಜಿಗಳಲ್ಲಿ ಜಾಸ್ತಿ ಕೆಡುವುದು ಇದೇ ಜಾಗದಲ್ಲಿ.

ತೊಂದರೆ ಇರುವುದು "ಬೇಕಾಗಿ" ಅನ್ನುವ ಪದದಲ್ಲಿ. ಕನ್ನಡದಲ್ಲಿ "ಬೇಕು" ಎರಡು ಕೆಲಸ ಮಾಡುತ್ತದೆ. "ನೀನು ನಾಳೆ ಬರಬೇಕು" ಅಂದರೆ ಆಜ್ಞೆ. "ತಾವು ಮದುವೆಗೆ ಬರಬೇಕು" ಅಂದರೆ ಪ್ರೀತಿಯ ಕರೆ. ಎರಡರಲ್ಲೂ ಇರುವುದು ಅದೇ "ಬೇಕು". ಅದು ಆಜ್ಞೆಯೋ ಕೋರಿಕೆಯೋ ಎಂದು ನಮಗೆ ತಿಳಿಸುವುದು "ತಾವು", "ದಯಮಾಡಿ", "ಪ್ರಾರ್ಥಿಸುತ್ತೇನೆ" ಅನ್ನುವ ಸುತ್ತಲಿನ ಪದಗಳು. ಇಂಗ್ಲಿಷಿನ ಶುಡ್ ಹಾಗಲ್ಲ. ಮೇಲಧಿಕಾರಿಗೆ "ಯೂ ಶುಡ್" ಅಂದರೆ, "ಇದು ನಿಮ್ಮ ಕರ್ತವ್ಯ, ಮಾಡಿ" ಎಂದು ಕೇಳಿಸುತ್ತದೆ. ಮುಂದೆ ಎಷ್ಟು ಕೈಂಡ್ಲಿ ಸೇರಿಸಿದರೂ ಆ ಧ್ವನಿ ಹೋಗುವುದಿಲ್ಲ. ಕೈಂಡ್ಲಿ ಜಾಸ್ತಿಯಾದಷ್ಟೂ ತಾಳ್ಮೆ ಕಳೆದುಕೊಂಡವರು ಹಲ್ಲು ಕಚ್ಚಿ ಮಾತಾಡಿದ ಹಾಗೆ ಕೇಳುತ್ತದೆ.

ಕೆಲವರು ಇದನ್ನು ತಪ್ಪಿಸಲು "ಯೂ ಆರ್ ರಿಕ್ವೆಸ್ಟೆಡ್ ಟು ಗ್ರಾಂಟ್ ಮೀ ಲೀವ್" ಎಂದು ಬರೆಯುತ್ತಾರೆ. ರಿಕ್ವೆಸ್ಟ್ ಎಂಬ ಪದವೇ ಇದೆ, ಇದಕ್ಕಿಂತ ವಿನಯ ಇನ್ನೇನು ಅನ್ನಿಸುತ್ತದೆ ಅಲ್ವಾ? ಆದರೆ ಈ ವಾಕ್ಯವನ್ನು ಎಲ್ಲಿ ಓದಿದ್ದೀರಿ ಎಂದು ನೆನಪು ಮಾಡಿಕೊಳ್ಳಿ. ಬ್ಯಾಂಕಿನ ಗೋಡೆಯ ಮೇಲೆ. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ. ಸಾಲಿನಲ್ಲಿ ನಿಲ್ಲಿ, ಸಾಮಾನು ನೋಡಿಕೊಳ್ಳಿ ಎಂದು ಸಂಸ್ಥೆಯೊಂದು ಜನರಿಗೆ ಹೇಳುವಾಗ ಬಳಸುವ ಮಾತು ಅದು. ಯಾರು ಕೇಳುತ್ತಿದ್ದಾರೆ ಎಂಬುದೇ ಅದರಲ್ಲಿ ಇಲ್ಲ. ಕೆಳಗಿನವರು ಮೇಲಿನವರಿಗೆ ಅದನ್ನು ಬರೆದರೆ ನೋಟಿಸು ಕಳಿಸಿದ ಹಾಗೆ ಆಗುತ್ತದೆ.

ಹಾಗಾದರೆ ಇಂಗ್ಲಿಷಿನಲ್ಲಿ ಮರ್ಯಾದೆ ಎಲ್ಲಿರುತ್ತದೆ?

ನಮ್ಮಲ್ಲಿ ಅದು ಮುಖ್ಯವಾಗಿ ಸರ್ವನಾಮದಲ್ಲಿ ಮತ್ತು ಕ್ರಿಯಾಪದದಲ್ಲಿ ಇದೆ. ನೀನು, ನೀವು, ತಾವು ಎಂದು ಮೂರು ಮೆಟ್ಟಿಲು. ತುಳುವಿನಲ್ಲಿ ಈ ಮತ್ತು ಈರ್. ಕೊಂಕಣಿಯಲ್ಲಿ ತೂಂ ಮತ್ತು ತುಮಿ. ಬಾಯಿ ತೆರೆದ ಕೂಡಲೇ ಎದುರಿನವರ ಸ್ಥಾನ ಯಾವುದೆಂದು ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲೂ ಹಿಂದೆ ಹೀಗೇ ಇತ್ತು. ದೌ ಅಂದರೆ ನೀನು, ಯೂ ಅಂದರೆ ನೀವು. ಕ್ರಮೇಣ ದಿನಬಳಕೆಯಿಂದ ದೌ ಬಿದ್ದುಹೋಯಿತು. ಈಗ ಎಲ್ಲರಿಗೂ ಉಳಿದಿರುವುದು ಹಳೆಯ "ನೀವು" ಒಂದೇ. ಹಾಗಾಗಿ ಯೂ ಎಂದು ಬರೆಯಲು ಮುಜುಗರ ಬೇಡ. ಎಷ್ಟೋ ಜನ ಮೇಲಧಿಕಾರಿಗೆ ಯೂ ಎನ್ನುವುದು ಒರಟು ಎಂದುಕೊಂಡು "ಯುವರ್ ಗುಡ್‌ಸೆಲ್ಫ್" ಎಂದು ಬರೆಸುತ್ತಾರೆ. "ತಾವು" ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಜೋಡಿ ಹುಡುಕಿದ ಫಲ ಅದು. ಈಗಿನ ಆಫೀಸಿನಲ್ಲಿ ಅದನ್ನು ಓದಿದವರು ಒಂದು ಕ್ಷಣ ತಡವರಿಸುತ್ತಾರೆ ಅಷ್ಟೇ.

ಯೂ ಒಂದೇ ಉಳಿದ ಮೇಲೆ ಇಂಗ್ಲಿಷಿನ ಮರ್ಯಾದೆ ಬೇರೆ ಕಡೆ ಹೋಗಿ ಕೂತಿದೆ. ಅದು ಕೇಳುವ ರೀತಿಯಲ್ಲಿದೆ. ಎದುರಿನವರಿಗೆ "ಇಲ್ಲ" ಅನ್ನಲು ಎಷ್ಟು ಜಾಗ ಬಿಡುತ್ತೀರಿ ಅನ್ನುವುದರಲ್ಲಿದೆ. ಕ್ಯಾನ್ ಬದಲು ಕುಡ್, ವಿಲ್ ಬದಲು ವುಡ್ ಬರುವುದು ಅದಕ್ಕೇ. ಅವು ಭೂತಕಾಲದ ರೂಪಗಳು. ಆದರೆ ಇಲ್ಲಿ ಅವು ಕಾಲವನ್ನು ಹೇಳುವುದಿಲ್ಲ, ಒಂದು ಹೆಜ್ಜೆ ಹಿಂದೆ ನಿಂತು ಕೇಳುವುದನ್ನು ತೋರಿಸುತ್ತವೆ.

ಇದು ನಮಗೆ ಹೊಸದಲ್ಲ. ಆ ಹುಡುಗ ಅಂಗಡಿಗೆ ಬಂದಾಗ ನನ್ನ ಹತ್ತಿರ ಹೇಗೆ ಕೇಳಿದ? "ಮಾಡಿ ಕೊಡ್ಲಿಕ್ಕೆ ಆಗ್ತದಾ?" ನಮ್ಮ ಕರಾವಳಿಯ ಕನ್ನಡದಲ್ಲಿ ದಿನಾ ಕೇಳುವ ಮಾತು. "ಸರ್, ಸ್ವಲ್ಪ ನೋಡ್ಲಿಕ್ಕೆ ಆಗ್ತದಾ?" "ಮೇಡಂ, ನಾಳೆ ಸ್ವಲ್ಪ ಬೇಗ ಹೊರಡ್ಲಿಕ್ಕೆ ಆಗ್ತದಾ?" ಇದರಲ್ಲಿ ತಾವು ಇಲ್ಲ, ದಯಮಾಡಿ ಇಲ್ಲ, ಪ್ರಾರ್ಥನೆ ಇಲ್ಲ. ಆದರೂ ಮರ್ಯಾದೆ ಪೂರ್ತಿ ಇದೆ. ಆಗುತ್ತದೋ ಇಲ್ಲವೋ ಎಂಬ ತೀರ್ಮಾನವನ್ನು ಎದುರಿನವರ ಕೈಗೇ ಕೊಟ್ಟುಬಿಟ್ಟಿದ್ದೇವೆ. ಇಂಗ್ಲಿಷಿನ "ಕುಡ್ ಯೂ" ಮಾಡುವ ಕೆಲಸ ಸರಿಯಾಗಿ ಇದೇ.

ಹಾಗಾಗಿ ನಾನು ಎಲ್ಲರಿಗೂ ಒಂದೇ ದಾರಿ ಹೇಳುತ್ತೇನೆ. ಪತ್ರದ ಕನ್ನಡದಿಂದ ನೇರವಾಗಿ ಇಂಗ್ಲಿಷಿಗೆ ಹೋಗಬೇಡಿ. ಮಧ್ಯದಲ್ಲಿ ಬಾಯಿಮಾತಿನ ಕನ್ನಡಕ್ಕೆ ಇಳಿಯಿರಿ. ಅದೇ ಸರ್ ಎದುರಿಗೆ ನಿಂತರೆ ಏನು ಹೇಳುತ್ತಿದ್ದಿರಿ? ಅದನ್ನು ಇಂಗ್ಲಿಷ್ ಮಾಡಿ.

ಹುಡುಗನಿಗೂ ಇದನ್ನೇ ಕೇಳಿದೆ. "ಬೆಂಗಳೂರಿಂದ ಸರ್ ಬಂದು ನಿನ್ನ ಟೇಬಲ್ ಹತ್ತಿರ ನಿಂತಿದ್ದಾರೆ. ಏನು ಹೇಳ್ತೀಯ?" ಅವನು ಯೋಚಿಸದೆ ಹೇಳಿದ: "ಸರ್, ಬರುವ ಬುಧವಾರದಿಂದ ಶುಕ್ರವಾರದವರೆಗೆ ನನಗೆ ಮೂರು ದಿನ ರಜೆ ಬೇಕಿತ್ತು. ಊರಲ್ಲಿ ನೇಮ ಉಂಟು. ಈ ಸಲ ನಮ್ಮ ಮನೆಯವರದ್ದೇ ಎಲ್ಲ ವ್ಯವಸ್ಥೆ. ಸ್ಟಾಕ್ ರಿಪೋರ್ಟ್ ಮಂಗಳವಾರದ ಒಳಗೆ ಮುಗಿಸಿ ಕೊಡ್ತೇನೆ. ಆಗ್ಬಹುದಾ ಸರ್?"

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಅವನ ಮಾತಿನ ಕ್ರಮ ನೋಡಿ. ಅಪ್ಪನ ಪತ್ರದಲ್ಲಿ ಕೋರಿಕೆ ಕೊನೆಯಲ್ಲಿದೆ. ಮೊದಲು ಪೀಠಿಕೆ, ಆಮೇಲೆ ಕಾರಣ, ಆಮೇಲೆ ಬೇಡಿಕೆ. ಕನ್ನಡ ಪತ್ರದಲ್ಲಿ ಹಾಗೆ ನಿಧಾನವಾಗಿ ಬರುವುದೇ ವಿನಯ. ಮಗನ ಬಾಯಿಮಾತಿನಲ್ಲಿ ಬೇಡಿಕೆ ಮೊದಲು ಬಂತು. ಇಂಗ್ಲಿಷ್ ಆಫೀಸ್ ಪತ್ರಕ್ಕೂ ಬೇಕಾದದ್ದು ಇದೇ ಕ್ರಮ. ದಿನಕ್ಕೆ ನೂರು ಮೇಲ್ ಓದುವವರಿಗೆ ಮೊದಲ ವಾಕ್ಯದಲ್ಲೇ ಏನು, ಯಾವಾಗ, ಎಷ್ಟು ದಿನ ಎಂದು ಸಿಗಬೇಕು. ಅವರ ಸಮಯ ಉಳಿಸುವುದನ್ನೇ ಅಲ್ಲಿ ಮರ್ಯಾದೆ ಎಂದು ಎಣಿಸುತ್ತಾರೆ.

ಇನ್ನೊಂದು ಪದ ಗಮನಿಸಿ. "ರಜೆ ಬೇಕಿತ್ತು" ಅಂದ, "ಬೇಕು" ಅನ್ನಲಿಲ್ಲ. ಬೇಕಾಗಿರುವುದು ಮುಂದಿನ ವಾರ, ಹೇಳಿದ್ದು ಭೂತಕಾಲದಲ್ಲಿ. ಅಂಗಡಿಯಲ್ಲೂ "ಅರ್ಧ ಕೆಜಿ ಸಕ್ಕರೆ ಬೇಕಿತ್ತು" ಅನ್ನುತ್ತೇವಲ್ಲ, ಅದೇ ಉಪಾಯ. "ಐ ವುಡ್ ಲೈಕ್" ಅನ್ನುವುದು ಈ "ಬೇಕಿತ್ತು" ಪದದ ಅಣ್ಣತಮ್ಮ. ಹೀಗಾಗಿ ಮೊದಲ ವಾಕ್ಯ ತಾನಾಗಿಯೇ ಬಂತು:

```
I would like to request three days' leave,
from Wednesday, 11 February
to Friday, 13 February.
```

ತಾರೀಖಿನ ಬಗ್ಗೆ ಒಂದು ಮಾತು. ಅಪ್ಪ 11-02 ಎಂದು ಬರೆದಿದ್ದರು. ನಮ್ಮಲ್ಲಿ ಇದು ಫೆಬ್ರವರಿ 11. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರಿಗೆ ಇದು ನವೆಂಬರ್ 2. ಮಂಗಳೂರಿನಲ್ಲಿ ಕೂತು ಹೊರದೇಶದ ತಂಡದ ಜೊತೆ ಕೆಲಸ ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು, ವಾರದ ಹೆಸರನ್ನೂ ಸೇರಿಸಿದರೆ ಗೊಂದಲ ಇರುವುದಿಲ್ಲ. ಮತ್ತೆ ಕೆಲಸಕ್ಕೆ ಬರುವ ದಿನವನ್ನೂ ಬರೆಯಿರಿ. "13ರವರೆಗೆ" ಅಂದರೆ 13ಕ್ಕೆ ಬರುತ್ತಾನೋ 14ಕ್ಕೆ ಬರುತ್ತಾನೋ ಎಂಬ ಪ್ರಶ್ನೆ ಅದರಿಂದ ತೀರುತ್ತದೆ.

ಈಗ ಕಷ್ಟದ ಜಾಗ. ನೇಮ.

ಕಾರ್ಕಳದವರಿಗೆ, ಮಂಗಳೂರಿನವರಿಗೆ ನೇಮ ಅಂದರೆ ಬೇರೆ ವಿವರಣೆ ಬೇಡ. ರಾತ್ರಿಯಿಡೀ ನಡೆಯುತ್ತದೆ, ಹಿಂದಿನ ದಿನ ತಯಾರಿ ಇರುತ್ತದೆ, ಮರುದಿನ ಕಣ್ಣು ಬಿಡಲು ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಕೂತ, ಬೇರೆ ಊರಿನ ಮೇಲಧಿಕಾರಿಗೆ ಇದು ಗೊತ್ತಿಲ್ಲ. ಅವರಿಗೆ ಮೂಡುವ ಪ್ರಶ್ನೆ, "ಒಂದು ಪೂಜೆಗೆ ಮೂರು ದಿನ ಯಾಕೆ?" ಅನ್ನುವುದು. ಈ ಪ್ರಶ್ನೆಗೆ ಉತ್ತರ ಪತ್ರದಲ್ಲೇ ಇರಬೇಕು.

ಜಾಸ್ತಿ ಜನ ಇಲ್ಲಿ ಫಂಕ್ಷನ್ ಎಂದು ಬರೆದು ಮುಗಿಸುತ್ತಾರೆ. "ದೇರ್ ಈಸ್ ಎ ಫಂಕ್ಷನ್ ಇನ್ ಮೈ ನೇಟಿವ್." ನನಗೆ ಇದು ಇಷ್ಟವಾಗುವುದಿಲ್ಲ. ಮದುವೆಯೂ ಫಂಕ್ಷನ್, ಹುಟ್ಟುಹಬ್ಬವೂ ಫಂಕ್ಷನ್, ಶಾಲೆಯ ವಾರ್ಷಿಕೋತ್ಸವವೂ ಫಂಕ್ಷನ್. ಓದಿದವರಿಗೆ ಏನೂ ತಿಳಿಯುವುದಿಲ್ಲ. ನೇಟಿವ್ ಅನ್ನುವುದು ಊರು ಎಂಬ ಅರ್ಥದಲ್ಲಿ ನಮ್ಮ ದೇಶದ ಹೊರಗೆ ನಡೆಯುವುದಿಲ್ಲ. ಹೋಮ್‌ಟೌನ್ ಅನ್ನಿ, ಇಲ್ಲವೇ ಊರಿನ ಹೆಸರನ್ನೇ ಬರೆಯಿರಿ. ಇನ್ನು ಕೆಲವರು ದೈವವನ್ನು ಇಂಗ್ಲಿಷ್ ಮಾಡಲು ಹೋಗಿ ಡೆವಿಲ್, ಗೋಸ್ಟ್ ಎಂದು ಬರೆಯುತ್ತಾರೆ. ಭೂತ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಿದರೆ ಅದೇ ಸಿಗುತ್ತದೆ. ಮನೆಯವರು ತಲೆಮಾರುಗಳಿಂದ ನಂಬಿದ ದೈವವನ್ನು ನಾವೇ ದೆವ್ವ ಮಾಡಿದ ಹಾಗೆ ಆಯಿತಲ್ಲ! ಇದಕ್ಕಿಂತ ದೊಡ್ಡ ಮರ್ಯಾದೆಗೇಡು ಬೇರೆ ಇಲ್ಲ.

ನಾನು ಮಾಡುವುದು ಹೀಗೆ. ನೇಮ ಎಂಬ ಪದವನ್ನು ಹಾಗೇ ಉಳಿಸುತ್ತೇನೆ. ಅದರ ಬೆನ್ನಿಗೇ ಐದಾರು ಪದಗಳಲ್ಲಿ ಅದು ಏನೆಂದು ಹೇಳುತ್ತೇನೆ. ಆ ಪದಗಳಲ್ಲಿ ಒಂದು, ರಜೆ ಯಾಕೆ ಇಷ್ಟು ದಿನ ಎಂಬುದಕ್ಕೆ ಉತ್ತರ ಆಗಿರಬೇಕು. ಇಲ್ಲಿ ಆ ಪದ ಓವರ್‌ನೈಟ್.

```
My family's annual nema, an overnight ritual
for our family deity, will be held at our
ancestral home near Karkala on 12 February.
This year my parents and I are responsible
for the arrangements.
```

ಮೂಲಮನೆಗೆ ಆನ್ಸೆಸ್ಟ್ರಲ್ ಹೋಮ್ ಸರಿ ಹೋಗುತ್ತದೆ. "ಹೊಣೆ ನಮ್ಮ ಮನೆಯವರ ಮೇಲೆ" ಎಂಬುದನ್ನು "ನನ್ನ ಹೆತ್ತವರು ಮತ್ತು ನಾನು" ಎಂದು ಬಿಡಿಸಿ ಬರೆದೆ. ಯಾಕೆಂದರೆ ಇಂಗ್ಲಿಷಿನಲ್ಲಿ ಓದುವವರು ಕೇಳುವುದು, "ಮನೆಯವರು ಮಾಡಲಿ, ನೀನು ಯಾಕೆ ಹೋಗಬೇಕು?" ಎಂದು.

ಇದೇ ಕ್ರಮ ನಮ್ಮ ಕಡೆಯ ಬೇರೆ ಸಂದರ್ಭಗಳಿಗೂ ಆಗುತ್ತದೆ. ಕ್ರಿಶ್ಚಿಯನ್ ಮನೆಯಲ್ಲಿ ಮದುವೆಯ ಮೊದಲು ರೋಸ್ ಇದ್ದರೆ, ರೋಸ್ ಎಂದೇ ಬರೆದು, ಮದುವೆಯ ಹಿಂದಿನ ಸಂಜೆಯ ಶಾಸ್ತ್ರ ಎಂದು ಸೇರಿಸಿ. ಇಲ್ಲದಿದ್ದರೆ ಓದುವವರು ಹೂವು ಎಂದುಕೊಳ್ಳುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಆದರೆ ಮೇರಿ ಮಾತೆಯ ಜನ್ಮದಿನ, ಹೊಸ ಭತ್ತದ ಹಬ್ಬ ಎಂದು ಒಂದು ಸಾಲು ಸಾಕು.

"ನಮ್ಮ" ಎಂಬ ಪದ ಬಂತಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ನಾವು "ನಮ್ಮಮ್ಮ", "ನಮ್ಮ ತಂದೆಯವರು" ಅನ್ನುತ್ತೇವೆ. ನನ್ನ ತಂದೆ ಅಂದರೆ ಏನೋ ಒಬ್ಬಂಟಿತನ ಕಾಣುತ್ತದೆ. ಆದರೆ ಮೇಲಧಿಕಾರಿಗೆ "ಅವರ್ ಫಾದರ್" ಎಂದು ಬರೆದರೆ, ಅವರಿಗೂ ನಿಮಗೂ ಒಬ್ಬರೇ ತಂದೆ ಎಂದಾಗುತ್ತದೆ. ಮೊದಲ ಸಲ ಮೈ ಎಂದೇ ಬರೆಯಬೇಕು. ಮೇಲಿನ ವಾಕ್ಯದಲ್ಲಿ "ಮೈ ಫ್ಯಾಮಿಲೀಸ್" ಎಂದು ಶುರುಮಾಡಿ, ಆಮೇಲೆ ಕುಟುಂಬದ ಪರವಾಗಿ ಅವರ್ ಎಂದಿರುವುದು ಅದಕ್ಕೇ. ತಂದೆಯವರು ಎಂಬಲ್ಲಿನ "ಅವರು" ಇಂಗ್ಲಿಷಿಗೆ ಬರುವುದೇ ಇಲ್ಲ. ಹೀ ಎಂದು ಬರೆಯುವಾಗ ಕೈ ನಡುಗಬೇಕಿಲ್ಲ. ಹೀ ಅನ್ನುವುದರಲ್ಲಿ "ಅವನು" ಎಂಬ ಸಸಾರ ಇಲ್ಲ.

ಮುಂದಿನದು, ಅಪ್ಪನ ಪತ್ರದಲ್ಲಿ ಇಲ್ಲದೆ, ಮಗನ ಬಾಯಿಮಾತಿನಲ್ಲಿ ಇದ್ದ ವಿಷಯ. ಸ್ಟಾಕ್ ರಿಪೋರ್ಟ್. ಕನ್ನಡ ಅರ್ಜಿಯಲ್ಲಿ ಇದನ್ನು ಬರೆಯುವ ರೂಢಿ ಕಡಿಮೆ. ಇಂಗ್ಲಿಷ್ ಆಫೀಸಿನಲ್ಲಿ ಇದು ಹತ್ತು ಕೈಂಡ್ಲಿಗಳಿಗಿಂತ ಜಾಸ್ತಿ ತೂಗುತ್ತದೆ. ನಾನು ಇಲ್ಲದಾಗ ನಿಮಗೆ ತೊಂದರೆ ಆಗದ ಹಾಗೆ ನೋಡಿಕೊಂಡಿದ್ದೇನೆ ಎಂದು ಹೇಳುವುದು ಮೇಲಧಿಕಾರಿಗೆ ಕೊಡುವ ಗೌರವವೇ. "ತಮ್ಮ ವಿಧೇಯ" ಎಂದು ಅಪ್ಪ ಕೊನೆಯಲ್ಲಿ ಬರೆದರಲ್ಲ, ಆ ವಿಧೇಯತೆ ಇಂಗ್ಲಿಷಿನಲ್ಲಿ ಬಂದು ಕೂರುವುದು ಈ ವಾಕ್ಯದಲ್ಲಿ:

```
I will send the stock report by Tuesday,
and my colleague will attend to anything
urgent. I will be back on Monday,
16 February.
```

ಮೈ ಕಲೀಗ್ ಎಂಬಲ್ಲಿ ಆ ಸಹೋದ್ಯೋಗಿಯ ಹೆಸರು ಬರಬೇಕು. ಅವರನ್ನು ಕೇಳಿ ಒಪ್ಪಿಸಿದ ಮೇಲೆ ಮಾತ್ರ ಬರೆಯಿರಿ. ಕೇಳದೆ ಬರೆದು ಆಮೇಲೆ ಜಗಳ ಆದದ್ದನ್ನು ನಾನು ನೋಡಿದ್ದೇನೆ.

ಕೊನೆಯಲ್ಲಿ ಕೋರಿಕೆ ಇನ್ನೊಮ್ಮೆ ಬರಬೇಕು. ಇಲ್ಲಿ "ದಯಪಾಲಿಸು" ಪದಕ್ಕೆ ಏನು ಮಾಡುವುದು? ದಯಪಾಲಿಸುವುದು ದೇವರು, ಅರಸರು. ಸ್ಯಾಂಕ್ಷನ್ ಸರಕಾರಿ ಕಡತದ ಪದ, ಸರಕಾರಿ ಕಚೇರಿಯಲ್ಲಿ ಈಗಲೂ ನಡೆಯುತ್ತದೆ. ಗ್ರಾಂಟ್ ತಪ್ಪಲ್ಲ, ಸ್ವಲ್ಪ ಹಳೆಯದು. ಖಾಸಗಿ ಕಂಪನಿಯಲ್ಲಿ ಎಲ್ಲರೂ ಹೇಳುವುದು ಅಪ್ರೂವ್. ರಜೆಯ ಸಾಫ್ಟ್‌ವೇರಿನಲ್ಲಿ ಮೇಲಧಿಕಾರಿ ಒತ್ತುವ ಗುಂಡಿಯ ಮೇಲೂ ಸಾಮಾನ್ಯವಾಗಿ ಅದೇ ಇರುತ್ತದೆ. "ಆಗ್ಬಹುದಾ ಸರ್?" ಎಂಬ ಹುಡುಗನ ಮಾತು ಹೀಗಾಯಿತು:

```
I would be grateful if you could
approve this.
```

ಒಂದು ವಾಕ್ಯದಲ್ಲಿ ವುಡ್ ಮತ್ತು ಕುಡ್ ಎರಡೂ ಇವೆ. ಅಪ್ಪನ "ಪ್ರಾರ್ಥಿಸುತ್ತೇನೆ" ಪದದ ತೂಕ ಇಷ್ಟರಲ್ಲೇ ಬಂತು. ಇದಕ್ಕೆ ಇನ್ನು ಪ್ಲೀಸ್, ಕೈಂಡ್ಲಿ, ಹಂಬ್ಲಿ ಯಾವುದೂ ಬೇಡ.

ಇನ್ನು ಸಂಬೋಧನೆ. ಹುಡುಗನಿಗೆ ಜಾಸ್ತಿ ಭಯ ಇದ್ದದ್ದು ಇಲ್ಲೇ. ಅವನ ಮೇಲಧಿಕಾರಿಯನ್ನು ರಾವ್ ಎಂದಿಟ್ಟುಕೊಳ್ಳಿ. ನಮ್ಮ ಊರಿನಲ್ಲಾದರೆ ರಾಯರೇ ಎಂದು ಕರೆದರೆ ಮುಗಿಯಿತು. ಶೆಟ್ಟಿ ಆದರೆ ಶೆಟ್ರೇ, ಭಟ್ ಆದರೆ ಭಟ್ರೇ, ಪೈ ಆದರೆ ಪೈಗಳೇ. ಹೆಸರಿನ ಬಾಲಕ್ಕೇ ಮರ್ಯಾದೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೆಸರಿಗೆ ಬಾಲ ಇಲ್ಲ, ಹೆಸರಿನ ಮುಂದೆ ಮಿಸ್ಟರ್ ಇದೆ. ಆದರೆ ಮಿಸ್ಟರ್ ಹೇಳಿದರೆ ನಮ್ಮ ಕಿವಿಗೆ ಅದು ಕಡಿಮೆ ಮರ್ಯಾದೆ. ದಿನಾ ಎದುರಿಗೆ "ರಾವ್ ಸರ್" ಅನ್ನುವವನು ಪತ್ರದಲ್ಲಿ "ಡಿಯರ್ ಮಿಸ್ಟರ್ ರಾವ್" ಎಂದು ಬರೆದರೆ ಒಮ್ಮೆಲೇ ದೂರವಾದ ಹಾಗೆ.

ನನ್ನ ಅಭಿಪ್ರಾಯ ಸ್ಪಷ್ಟ. ಓದುವವರು ನಮ್ಮ ದೇಶದವರಾದರೆ, ಆಫೀಸಿನಲ್ಲಿ ಎಲ್ಲರೂ ಸರ್ ಅನ್ನುತ್ತಾರಾದರೆ, "ಡಿಯರ್ ರಾವ್ ಸರ್" ಎಂದೇ ಬರೆಯಿರಿ. ಲಂಡನ್ನಿನಲ್ಲಿ ಹೀಗೆ ಬರೆಯುವುದಿಲ್ಲ, ನಿಜ. ಆದರೆ ಪತ್ರ ಹೋಗುವುದು ಬೆಂಗಳೂರಿಗೆ. ಇದು ಭಾರತದ ಆಫೀಸ್ ಇಂಗ್ಲಿಷಿನಲ್ಲಿ ಬೇರೂರಿದ ರೂಪ, ತಪ್ಪಲ್ಲ. ಅಪ್ಪನ "ಮಾನ್ಯರೇ" ಬಂದು ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಮಿಸ್ಟರ್ ಅಥವಾ ಮಿಸ್ ಹಾಕಿ ಮನೆತನದ ಹೆಸರು ಬರೆಯಿರಿ. ಅವರ ತಂಡದಲ್ಲಿ ಎಲ್ಲರೂ ಮೊದಲ ಹೆಸರಿನಿಂದ ಕರೆಯುತ್ತಾರಾದರೆ, ಅಲ್ಲಿ ಡಿಯರ್ ಸೇರಿಸಿ ಮೊದಲ ಹೆಸರು ಬರೆದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

"ರೆಸ್ಪೆಕ್ಟೆಡ್ ಸರ್" ಬಗ್ಗೆ ಕೇಳುತ್ತಾರೆ. ಶಾಲೆಗೆ, ಕಾಲೇಜಿಗೆ, ಸರಕಾರಿ ಕಚೇರಿಗೆ ಬರೆಯುವಾಗ ಇರಲಿ, ಅಲ್ಲಿ ಅದೇ ವಾಡಿಕೆ. ಕಂಪನಿಯ ಮೇಲ್‌ನಲ್ಲಿ ಅದು ವಿದ್ಯಾರ್ಥಿ ಬರೆದ ಹಾಗೆ ಕಾಣುತ್ತದೆ. ಎಲ್ಲಿ ಬರೆದರೂ ಸರ್ ಪದ ಪ್ರತಿ ಸಾಲಿಗೂ ಬೇಡ. ಮಾತಿನಲ್ಲಿ "ಹೌದು ಸರ್, ಆಯ್ತು ಸರ್" ಚಂದ. ಬರಹದಲ್ಲಿ ಶುರುವಿನಲ್ಲಿ ಒಂದು ಸಲ ಬಂದರೆ ಸಾಕು.

ಮುಕ್ತಾಯಕ್ಕೆ "ಯುವರ್ಸ್ ಒಬಿಡಿಯೆಂಟ್ಲಿ" ಬರೆಯಬೇಕಾಗಿಲ್ಲ ಎಂದೆ. ಅದು ಬ್ರಿಟಿಷರ ಕಾಲದ ಕಚೇರಿಯ ಉಳಿಕೆ. ಕಾಗದದ ಪತ್ರವಾದರೆ ಒಂದು ಹಳೆಯ ನಿಯಮ ಇದೆ. ಹೆಸರಿಲ್ಲದೆ ಡಿಯರ್ ಸರ್ ಎಂದು ಶುರುಮಾಡಿದರೆ ಯುವರ್ಸ್ ಫೇತ್‌ಫುಲಿ, ಹೆಸರು ಹಾಕಿ ಶುರುಮಾಡಿದರೆ ಯುವರ್ಸ್ ಸಿನ್ಸಿಯರ್ಲಿ. ಮೇಲ್‌ಗೆ ಥ್ಯಾಂಕ್ ಯೂ ಎಂದು ಒಂದು ಸಾಲು, ಕೆಳಗೆ ರಿಗಾರ್ಡ್ಸ್, ಅದರ ಕೆಳಗೆ ಹೆಸರು. ಥ್ಯಾಂಕಿಂಗ್ ಯೂ ಬದಲು ಥ್ಯಾಂಕ್ ಯೂ ಅನ್ನುವುದೇ ಸಹಜ.

ವಿಷಯದ ಸಾಲಿಗೆ "ಮೂರು ದಿನಗಳ ರಜೆ ಕೋರಿ" ಎಂಬುದನ್ನು ತಾರೀಖಿನ ಸಮೇತ ಹೀಗೆ ಹಾಕಿದೆವು:

```
Leave request: 11 to 13 February
```

ಪೂರ್ತಿ ಪತ್ರ ಓದಿ ಹುಡುಗ ಸ್ವಲ್ಪ ಹೊತ್ತು ಸುಮ್ನೆ ಕೂತ. "ಅಕ್ಕ, ಇದು ತುಂಬಾ ನೇರ ಆಯ್ತಾ?" ಅಂದ. ಅವನ ಅಳುಕು ನನಗೆ ಅರ್ಥವಾಗುತ್ತದೆ. ನೇರವಾಗಿ ಇರುವುದಕ್ಕೂ ಒರಟಾಗಿ ಇರುವುದಕ್ಕೂ ನಡುವೆ ಒಂದು ಗೆರೆ ಇದೆ. ಅದನ್ನು ದಾಟಿದರೆ ಹೇಗೆ ಕಾಣುತ್ತದೆ ಎಂದು ತೋರಿಸಲು ಇನ್ನೊಂದು ವಾಕ್ಯ ಟೈಪ್ ಮಾಡಿದೆ:

```
This is to inform you that I will be
on leave from 11 to 13 February.
```

ಇದೂ ನೇರವೇ. ಇಂಗ್ಲಿಷೂ ಸರಿ ಇದೆ. ಆದರೆ ಇಲ್ಲಿ ಕೇಳುವುದು ಇಲ್ಲ, ತಿಳಿಸುವುದು ಮಾತ್ರ ಇದೆ. ರಜೆ ಮೊದಲೇ ಒಪ್ಪಿಗೆ ಆಗಿದ್ದರೆ, ತಂಡದ ಉಳಿದವರಿಗೆ ತಿಳಿಸಲು ಇದು ಸರಿಯಾದ ವಾಕ್ಯ. ಒಪ್ಪಿಗೆ ಕೊಡಬೇಕಾದವರಿಗೆ ಇದನ್ನು ಕಳಿಸಿದರೆ, "ನೀವು ಒಪ್ಪಿದರೂ ಬಿಟ್ಟರೂ ನಾನು ಇರುವುದಿಲ್ಲ" ಎಂದ ಹಾಗೆ. ತನ್ನ ಪತ್ರವನ್ನು ಪರೀಕ್ಷಿಸಲು ಅವನಿಗೆ ಒಂದು ಪ್ರಶ್ನೆ ಕೊಟ್ಟೆ: ಇದನ್ನು ಓದಿದವರು "ಈ ವಾರ ಕಷ್ಟ, ಎರಡು ದಿನ ಸಾಕಾ?" ಎಂದು ಸುಲಭವಾಗಿ ಉತ್ತರ ಬರೆಯಬಹುದಾ? ಅವನ ಪತ್ರಕ್ಕೆ ಬರೆಯಬಹುದು. ಈ ವಾಕ್ಯಕ್ಕೆ ಬರೆಯಲು ಕಷ್ಟ.

ಈ ನಿಯಮಕ್ಕೂ ಒಂದು ಮಿತಿ ಇದೆ. ಬೆಳಿಗ್ಗೆ ಎದ್ದಾಗ ಜ್ವರ ಬಂದಿದ್ದರೆ ಅನುಮತಿ ಕೇಳುವ ಪ್ರಶ್ನೆ ಇಲ್ಲ, ತಿಳಿಸುವುದೇ ಸರಿ. ಆಗ ಎರಡು ಸಾಲಿನ ಮೆಸೇಜ್ ಸಾಕು. "ಐ ಆಮ್ ಸಫರಿಂಗ್ ಫ್ರಮ್ ಫೀವರ್" ಎಂದು ಶಾಲೆಯಲ್ಲಿ ಕಲಿತದ್ದು ಬೇಡ, "ಐ ಹ್ಯಾವ್ ಎ ಫೀವರ್" ಸಾಕು. ಮನೆಯಲ್ಲಿ ಸಾವಾದಾಗಲೂ ಹೀಗೇ. ಅಲ್ಲಿ ಇನ್ನೊಂದು ಪದ ಗಮನಿಸಬೇಕು. ನಮ್ಮ ಕಡೆ ಎಲ್ಲರೂ "ಎಕ್ಸ್‌ಪೈರ್ಡ್" ಎಂದು ಬರೆಯುತ್ತಾರೆ. ಔಷಧದ ಬಾಟಲಿಯ ಮೇಲಿರುವ ಪದ ಅದು. "ತೀರಿಕೊಂಡರು" ಎಂಬ ಮೆತ್ತಗಿನ ಮಾತಿಗೆ ಪಾಸ್ಡ್ ಅವೇ ಸರಿಯಾಗುತ್ತದೆ. ಬೊಜ್ಜ, ಉತ್ತರಕ್ರಿಯೆಗೆ ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ಮತ್ತೆ ರಜೆ ಬೇಕಾಗುತ್ತದಾದರೆ, ಆ ತಾರೀಖನ್ನೂ ಮೊದಲ ಮೇಲ್‌ನಲ್ಲೇ ಹೇಳಿಬಿಡುವುದು ಒಳ್ಳೆಯದು.

ಹುಡುಗ ಪತ್ರವನ್ನು ಅಲ್ಲೇ ಕೂತು ಕಳಿಸಿದ. ಮರುದಿನ ರಜೆ ಒಪ್ಪಿಗೆ ಆಯಿತು ಎಂದು ಮೆಸೇಜ್ ಮಾಡಿದ. ನೇಮ ಮುಗಿದ ಮೇಲೆ ಶನಿವಾರ ಇನ್ನೊಂದು ಮೆಸೇಜ್ ಬಂತು. ರಾತ್ರಿಯಿಡೀ ನಿದ್ದೆಗೆಟ್ಟು ಅಪ್ಪನಿಗೆ ಜ್ವರ, ಸೋಮವಾರವೂ ರಜೆ ಬೇಕು. ಈ ಸಲ ಅವನೇ ಬರೆದಿದ್ದ, ಕಳಿಸುವ ಮೊದಲು ನನಗೊಮ್ಮೆ ತೋರಿಸಿದ್ದ ಅಷ್ಟೇ:

```
Sir, could I take Monday as well?
Our father has a fever and I need to take
him to the doctor. I will be back on Tuesday.
```

ಒಂದೇ ಪದ ತಿದ್ದಿ ವಾಪಸ್ ಕಳಿಸಿದೆ. ಅವರ್ ತೆಗೆದು ಮೈ ಹಾಕಿದೆ.